ಮಳೆ ಬಿಡದ ದಿನ, ಹೊಗೆ ಕವಿದ ದಿನ: ಮನೆಯೊಳಗಿನ ವ್ಯಾಯಾಮ – ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಕಡೆಯ ಶಾಲೆಯೊಂದರಲ್ಲಿ ನಾನು ವ್ಯಾಯಾಮ ಶಿಕ್ಷಕನಾಗಿದ್ದೆ. ನಿವೃತ್ತಿಯಾದ ಮೇಲೆ ನಮ್ಮ ಕೆರೆ ದಂಡೆಯಲ್ಲಿ ಬೆಳಗ್ಗೆ ನಡೆಯುವವರ ಜೊತೆ ಸೇರಿಕೊಂಡೆ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ಆ ದಂಡೆ ಖಾಲಿ. ಆಗ ದಾರಿಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಬರುವ ಪ್ರಶ್ನೆಗಳು ಇವು. ದೆಹಲಿ, ಗುರುಗ್ರಾಮದ ಕಡೆ ನೆಲೆಸಿದ ನನ್ನ ಹಳೆಯ ವಿದ್ಯಾರ್ಥಿಗಳು ಚಳಿಗಾಲದಲ್ಲಿ ಕೇಳುವ ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಮಾಷ್ಟ್ರೇ, ಕೊಡೆ ಹಿಡ್ಕೊಂಡು ನಡೆದರೆ ಆಗುದಿಲ್ವಾ? ಮಳೆಗೆ ಹೆದರಿ ಒಳಗೆ ಕೂರ್ಬೇಕಾ?

ಜಿಟಿಜಿಟಿ ಮಳೆಗೆ ಹೆದರಬೇಕಾಗಿಲ್ಲ. ನಾನೂ ಕೊಡೆ ಹಿಡಿದು ನಡೆದಿದ್ದೇನೆ. ಆದರೆ ಹವಾಮಾನ ಇಲಾಖೆ 'ಭಾರೀ ಮಳೆ' ಎನ್ನುವುದು 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದಾಗ. 115.6 ದಾಟಿದರೆ ಅತಿ ಭಾರೀ, 204.4 ಮೀರಿದರೆ ಅತ್ಯಂತ ಭಾರೀ. ಕಿತ್ತಳೆ ಎಚ್ಚರಿಕೆ ಬಂದ ದಿನ ನಾನು ಹೊರಗೆ ಕಾಲಿಡುವುದಿಲ್ಲ. ತಲೆ ಒದ್ದೆಯಾಗುತ್ತದೆಂದು ಹಾಗೆ ಮಾಡುವುದಲ್ಲ, ಹೆದರಿಕೆ ಇರುವುದು ಕಾಲಿನ ಬಗ್ಗೆ. ರಸ್ತೆಯ ಮೇಲೆ ನೀರು ನಿಂತರೆ ಕೆಳಗೆ ಗುಂಡಿಯಿದೆಯೋ ಚರಂಡಿಯ ಚಪ್ಪಡಿ ಜಾರಿದೆಯೋ ಕಾಣುವುದಿಲ್ಲ. ಪಾದದಲ್ಲಿ ಸಣ್ಣ ಗಾಯವಿದ್ದು ಆ ನೀರಿನಲ್ಲಿ ನಡೆದರೆ ಇಲಿಜ್ವರದ ರೋಗಾಣು ಒಳಹೋಗಲು ದಾರಿಯಾಗುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರ ಹೊಸ ಸುದ್ದಿಯಲ್ಲ. ಗಾಳಿಗೆ ತೆಂಗಿನ ಮಡಲು ಬೀಳುವುದು, ವಿದ್ಯುತ್ ತಂತಿ ಕಳಚಿ ಬೀಳುವುದು ಬೇರೆ. ಗುಡುಗು ಕಿವಿಗೆ ಬಿದ್ದರೆ ತಾರಸಿಯ ಮೇಲಿನ ನಡಿಗೆಯೂ ಬೇಡ.

ಮನೆ ಒಳಗೇ ಆರು ಸಾವಿರ ಹೆಜ್ಜೆ ಹಾಕ್ತೇನೆ, ಫೋನಲ್ಲಿ ತೋರಿಸ್ತದೆ. ಸಾಕಲ್ವಾ?

ಹೆಚ್ಚಿನವರು ಮೋಸ ಹೋಗುವುದು ಇಲ್ಲಿಯೇ. ಫೋನು ಹೆಜ್ಜೆಯನ್ನು ಎಣಿಸುತ್ತದೆ, ವೇಗವನ್ನು ಯಾರೂ ನೋಡುವುದಿಲ್ಲ. ಚಾವಡಿಯ ಈ ಗೋಡೆಯಿಂದ ಆ ಗೋಡೆಗೆ ಹೆಚ್ಚೆಂದರೆ ಎಂಟು ಹತ್ತು ಹೆಜ್ಜೆ. ವೇಗ ಹಿಡಿಯುವಷ್ಟರಲ್ಲಿ ತಿರುಗಬೇಕು, ತಿರುಗುವಾಗ ಮತ್ತೆ ನಿಧಾನವಾಗಬೇಕು. ಒಬ್ಬರ ಮನೆಯಲ್ಲಿ ನಾನೇ ಗಡಿಯಾರ ಹಿಡಿದು ಎಣಿಸಿದಾಗ ನಿಮಿಷಕ್ಕೆ 68 ಹೆಜ್ಜೆ ಬಂತು. ಅದೇ ಮನುಷ್ಯ ಕೆರೆ ದಂಡೆಯಲ್ಲಿ ನಿಮಿಷಕ್ಕೆ 110 ಹೆಜ್ಜೆ ಹಾಕುವವರು. ದೊಡ್ಡವರಿಗೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಎಂದರೆ ಮಧ್ಯಮ ಶ್ರಮ ಶುರುವಾಗುವ ಅಂದಾಜು ಗೆರೆ. ಅದಕ್ಕಿಂತ ಕೆಳಗಿನದು ಕೂತಿರುವುದಕ್ಕಿಂತ ಖಂಡಿತ ಒಳ್ಳೆಯದು, ಆದರೆ ನಿಮ್ಮ ಬೆಳಗಿನ ನಡಿಗೆಗೆ ಅದು ಸಮವಲ್ಲ.

ಹಾಗಾದ್ರೆ ಸಾಕಷ್ಟು ಶ್ರಮ ಆಗ್ತಾ ಇದೆ ಅಂತ ಗೊತ್ತಾಗೋದು ಹೇಗೆ? ನನ್ನತ್ರ ವಾಚು ಗೀಚು ಇಲ್ಲ.

ಬಾಯಿಯೇ ಅಳತೆ. ವ್ಯಾಯಾಮ ಮಾಡುತ್ತಾ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಅದು ಮಧ್ಯಮ ಶ್ರಮ. ನಾಲ್ಕು ಮಾತಾಡುವಷ್ಟರಲ್ಲಿ ಉಸಿರು ತೆಗೆಯಬೇಕಾದರೆ ಅದು ಜೋರು ಶ್ರಮ. ಭಜನೆಯ ಒಂದು ಸಾಲು ಆರಾಮವಾಗಿ ಹಾಡಿ ಮುಗಿಸಿದಿರಾದರೆ ಇನ್ನೂ ಸ್ವಲ್ಪ ಜೋರು ಮಾಡಬೇಕು.

ವಾರದ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೀಗೆ ಕೊಟ್ಟಿದೆ: ಮಧ್ಯಮ ಶ್ರಮವಾದರೆ 150ರಿಂದ 300 ನಿಮಿಷ, ಜೋರು ಶ್ರಮವಾದರೆ 75ರಿಂದ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಇದನ್ನು ಒಂದೇ ಉಸಿರಿನಲ್ಲಿ ಮಾಡಬೇಕೆಂದಿಲ್ಲ, ಹತ್ತು ಹತ್ತು ನಿಮಿಷವಾಗಿ ಒಡೆದುಕೊಂಡರೂ ಲೆಕ್ಕಕ್ಕೆ ಸೇರುತ್ತದೆ.

## ಒಂದು ಮೆಟ್ಟಿಲಿನ ವ್ಯಾಯಾಮ

ಟ್ರೆಡ್‌ಮಿಲ್ ತಗೊಳ್ಳಲಿಕ್ಕೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ನಡಿಗೆಗೆ ಬದಲು ಮನೇಲಿ ಏನು ಮಾಡ್ಬಹುದು?

ಒಂದು ಮೆಟ್ಟಿಲು ಇದ್ದರೆ ಸಾಕು. ಜಗಲಿಯ ಮೆಟ್ಟಿಲಾಗಬಹುದು, ಅಡುಗೆಮನೆಯಿಂದ ಹಿಂದಿನ ಕೊಟ್ಟಿಗೆಗೆ ಇಳಿಯುವ ಮೆಟ್ಟಿಲಾಗಬಹುದು, ಫ್ಲ್ಯಾಟಿನಲ್ಲಿ ಬಾಗಿಲಾಚೆಯ ಮೊದಲ ಮೆಟ್ಟಿಲೂ ಆಗಬಹುದು. ಬಲಗಾಲು ಮೇಲೆ, ಎಡಗಾಲು ಮೇಲೆ, ಬಲಗಾಲು ಕೆಳಗೆ, ಎಡಗಾಲು ಕೆಳಗೆ. ಇದು ಒಂದು ಸುತ್ತು. ನಿಮಿಷಕ್ಕೊಮ್ಮೆ ಮೊದಲು ಎತ್ತುವ ಕಾಲನ್ನು ಬದಲಿಸಿ, ಇಲ್ಲದಿದ್ದರೆ ಒಂದೇ ತೊಡೆ ಸೋಲುತ್ತದೆ.

ನಿಂತಲ್ಲೇ ಮೆರವಣಿಗೆಯ ಹೆಜ್ಜೆ ಹಾಕಬಹುದಲ್ಲ ಎಂದು ಕೇಳುತ್ತಾರೆ. ಹಾಕಬಹುದು. ಆದರೆ ದಣಿದಂತೆ ಮೊಣಕಾಲು ಕೆಳಗಿಳಿಯುತ್ತಾ ಬರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಮೆಟ್ಟಿಲು ಹಾಗೆ ಬಿಡುವುದಿಲ್ಲ. ಪ್ರತಿ ಸುತ್ತಿಗೂ ಇಡೀ ದೇಹದ ಭಾರ ಅಷ್ಟು ಎತ್ತರಕ್ಕೆ ಏರಲೇಬೇಕು. ಎತ್ತರ ಗೊತ್ತಿದ್ದು ಸುತ್ತು ಎಣಿಸಿದರೆ ಶ್ರಮದ ಲೆಕ್ಕವೂ ಸಿಗುತ್ತದೆ.

ಎಷ್ಟು ಎತ್ತರದ ಮೆಟ್ಟಿಲು, ನಿಮಿಷಕ್ಕೆ ಎಷ್ಟು ಸಲ?

ಮಕ್ಕಳ ಸ್ಕೇಲು ಹಿಡಿದು ಮೆಟ್ಟಿಲಿನ ಎತ್ತರ ಅಳೆಯಿರಿ. 15 ಸೆಂಟಿಮೀಟರ್ ಇದ್ದರೆ ನಿಮಿಷಕ್ಕೆ 20 ಸುತ್ತು. ಇದು ಸಮತಟ್ಟು ದಾರಿಯಲ್ಲಿ ಗಂಟೆಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಚುರುಕಾಗಿ ನಡೆದಷ್ಟೇ ಶ್ರಮ, ಒಂದು ಕೂದಲೆಳೆ ಹೆಚ್ಚು ಎನ್ನಿ. 20 ಸೆಂಟಿಮೀಟರ್ ಇದ್ದರೆ 16 ಸುತ್ತಿಗೇ ಅಷ್ಟಾಗುತ್ತದೆ. ಬರೇ 10 ಸೆಂಟಿಮೀಟರ್ ಇದ್ದರೆ 25 ಸುತ್ತು ಬೇಕು.

20 ಸುತ್ತು ಎಂದರೆ ಮೂರು ಸೆಕೆಂಡಿಗೆ ಒಂದು. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡಿಕೊಂಡು ಮೂರು, ಆರು, ಒಂಬತ್ತು ಎಂದು ಹಿಡಿಯಬಹುದು. ಫೋನಿನಲ್ಲಿ ತಾಳ ಹಾಕುವ ಆ್ಯಪ್ ಇದ್ದರೆ ನಿಮಿಷಕ್ಕೆ 80 ಬಡಿತಕ್ಕೆ ಇಡಿ, ಒಂದು ಬಡಿತಕ್ಕೆ ಒಂದು ಹೆಜ್ಜೆ ಸರಿಹೋಗುತ್ತದೆ. ಮೊದಲ ದಿನವೇ ಈ ಲೆಕ್ಕ ಹಿಡಿಯಲು ಹೋಗಬೇಡಿ. ನಾಲ್ಕು ಸೆಕೆಂಡಿಗೆ ಒಂದು ಸುತ್ತಿನಿಂದ ಶುರುಮಾಡಿ.

ನಂಗೆ 56 ವರ್ಷ, ಶುಗರ್ ಇದೆ. ದಿನಾ 40 ನಿಮಿಷ ನಡೀತಿದ್ದೆ. ಈಗ ಎಲ್ಲಿಂದ ಶುರು ಮಾಡ್ಲಿ?

ಇದೇ ವಯಸ್ಸಿನ, ಇದೇ ತೊಂದರೆಯ ಒಬ್ಬ ಅಕ್ಕ ನಮ್ಮ ನೆರೆಮನೆಯಲ್ಲಿದ್ದಾರೆ. ಅವರು ಮಾಡಿದ್ದನ್ನೇ ಹೇಳುತ್ತೇನೆ.

ಜೂನ್ ಎರಡನೇ ವಾರದಲ್ಲಿ ಅವರ ನಡಿಗೆ ನಿಂತಿತು. ಮೂರು ವಾರ ಮನೆಯೊಳಗೆ ಸುತ್ತಾಡಿದರು. ಮನೆಯ ಗ್ಲೂಕೋಮೀಟರಿನಲ್ಲಿ ರಾತ್ರಿ ಊಟದ ಎರಡು ಗಂಟೆಯ ನಂತರದ ಅಂಕಿ ಮೊದಲಿಗಿಂತ ಏರಿದ್ದು ನೋಡಿ ನನ್ನನ್ನು ಕರೆದರು. ಮುಂಬಾಗಿಲ ಮೆಟ್ಟಿಲು 21 ಸೆಂಟಿಮೀಟರ್ ಇತ್ತು, ಅದೂ ಎರಚಲಿಗೆ ಒದ್ದೆ. ಅದು ಬೇಡ ಎಂದೆ. ಅಡುಗೆಮನೆಯಿಂದ ಹಿಂದಿನ ಮಾಡಿನಡಿಗೆ ಇಳಿಯುವ ಮೆಟ್ಟಿಲು 15 ಸೆಂಟಿಮೀಟರ್, ಒಣಗಿತ್ತು, ಪಕ್ಕದಲ್ಲಿ ಹಿಡಿಯಲು ಬಾಗಿಲಿನ ದಾರಂದವಿತ್ತು. ಅದೇ ಗೊತ್ತಾಯಿತು.

ಮೊದಲ ವಾರ ಐದು ಸೆಕೆಂಡಿಗೆ ಒಂದು ಸುತ್ತಿನಂತೆ ಮೂರು ನಿಮಿಷ, ಒಂದು ನಿಮಿಷ ವಿರಾಮ. ಹೀಗೆ ನಾಲ್ಕು ಸಲ. ಎರಡನೇ ದಿನ ಮೀನಖಂಡ ನೋಯುತ್ತದೆ ಎಂದರು, ಇಳಿಯುವ ಕೆಲಸ ಹೊಸತಾದವರಿಗೆ ಅದು ಸಹಜ. ಒಂದು ದಿನ ಬಿಟ್ಟು ಮುಂದುವರಿಸಿದರು. ಎರಡನೇ ವಾರ ನಾಲ್ಕು ಸೆಕೆಂಡಿಗೆ ಒಂದು ಸುತ್ತು, ಐದು ನಿಮಿಷದಂತೆ ನಾಲ್ಕು ಸಲ. ನಾಲ್ಕನೇ ವಾರಕ್ಕೆ ಮೂರು ಸೆಕೆಂಡಿನ ಲೆಕ್ಕ ಹಿಡಿದರು: ಬೆಳಗ್ಗೆ ತಿಂಡಿಯಾಗಿ ಅರ್ಧ ಗಂಟೆಗೆ ಹತ್ತು ನಿಮಿಷ, ಮಧ್ಯಾಹ್ನ ಊಟವಾದ ಮೇಲೆ ಹತ್ತು, ರಾತ್ರಿ ಊಟವಾದ ಮೇಲೆ ಹತ್ತು.

ಊಟದ ನಂತರಕ್ಕೇ ಹಂಚಿದ್ದಕ್ಕೆ ಕಾರಣವಿದೆ. ಊಟವಾದಾಗ ರಕ್ತಕ್ಕೆ ಸಕ್ಕರೆ ಸೇರುತ್ತಿರುತ್ತದೆ. ಆಗ ದುಡಿಯುವ ಸ್ನಾಯು ಅದನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಊಟದ ಮೇಲಿನ ಹತ್ತು ಹದಿನೈದು ನಿಮಿಷದ ಚಲನೆಗೆ ಅಂಕಿಯ ಮೇಲೆ ಒಳ್ಳೆಯ ಹಿಡಿತವಿದೆ. ಅಕ್ಕನ ರಾತ್ರಿಯ ಅಂಕಿ ಆಗಸ್ಟ್ ಹೊತ್ತಿಗೆ ಮಳೆಗಾಲಕ್ಕೆ ಮುಂಚಿನ ಮಟ್ಟಕ್ಕೆ ಬಂತು. ಇನ್ಸುಲಿನ್ ಅಥವಾ ಸಕ್ಕರೆಯನ್ನು ಬೇಗ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರಲ್ಲಿ ಮಾತಾಡಿ. ಕೈಗೆಟಕುವಲ್ಲಿ ಸಕ್ಕರೆ ಇಟ್ಟುಕೊಳ್ಳಿ. ಕೈ ನಡುಗಿ, ತಣ್ಣಗೆ ಬೆವರಿ, ಕಣ್ಣು ಮಂಜಾದರೆ ಅದು ದಣಿವಲ್ಲ, ಸಕ್ಕರೆ ಇಳಿದಿದೆ.

ಮೊಣಗಂಟು ನೋವು. ಮೆಟ್ಟಿಲು ಅಂದ್ರೇ ಭಯ.

ಏರುವಾಗಿನ ನೋವಿಗಿಂತ ಇಳಿಯುವಾಗಿನ ನೋವನ್ನೇ ಹೆಚ್ಚು ಜನ ಹೇಳುತ್ತಾರೆ. ಇಳಿಯುವಾಗ ಇಡೀ ಭಾರವನ್ನು ಬಾಗಿದ ಒಂದೇ ಮೊಣಕಾಲು ತಡೆದು ಹಿಡಿಯಬೇಕು. ಆದ್ದರಿಂದ ಮೊದಲು ಎತ್ತರ ಇಳಿಸಿ. ಹತ್ತು ಸೆಂಟಿಮೀಟರಿನಲ್ಲಿ ನೋವಿಲ್ಲದೆ ಮಾಡಿದರೂ ಲಾಭವಿದೆ. ಬಹುಮಹಡಿ ಕಟ್ಟಡದಲ್ಲಿದ್ದರೆ ಹತ್ತಿ ಹೋಗಿ, ಲಿಫ್ಟಿನಲ್ಲಿ ಇಳಿಯಿರಿ. ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ, ಕರೆಂಟ್ ಕೈಕೊಡುವ ಸಂಜೆ ಮಾತ್ರ ಲಿಫ್ಟ್ ನಂಬಬೇಡಿ.

ಮೆಟ್ಟಿಲೇ ಬೇಡವೆಂದರೆ ಕುರ್ಚಿಯಿದೆ. ಗೋಡೆಗೆ ಒರಗಿಸಿಟ್ಟ, ಕೈಯಿಲ್ಲದ ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದು. ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಎಂದು ಎಣಿಸಿ. 60ರಿಂದ 64 ವರ್ಷದವರಲ್ಲಿ ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 14ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸರಾಸರಿಗಿಂತ ಕೆಳಗಿದೆ ಎಂದು ತಿಳಿಯುತ್ತಾರೆ. ಆ ಎಣಿಕೆಯನ್ನು ಜೂನ್ ಒಂದಕ್ಕೆ ಕ್ಯಾಲೆಂಡರಿನಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ಎಣಿಸಿ. ಮೊಣಗಂಟು ಊದಿದ್ದರೆ, ಮುಟ್ಟಿದಾಗ ಬಿಸಿಯಿದ್ದರೆ, ಅಥವಾ ನೋವು ಮಾರನೆಯ ಬೆಳಗ್ಗೆಗೂ ಹೆಚ್ಚೇ ಉಳಿದರೆ ನಿಲ್ಲಿಸಿ ತೋರಿಸಿಕೊಳ್ಳಬೇಕು.

## ನೆಲ, ಬೆವರು, ಸದ್ದು

ಮಳೆಗಾಲದಲ್ಲಿ ನೆಲವೇ ಬೆವರ್ತದೆ. ಜಾರಿ ಬಿದ್ರೆ?

ಬೀಳುತ್ತಾರೆ, ನಾನು ಕಂಡಿದ್ದೇನೆ. ನಯವಾದ ಟೈಲ್ಸ್, ಉಜ್ಜಿ ಉಜ್ಜಿ ಹೊಳೆಯುವ ರೆಡ್ ಆಕ್ಸೈಡ್ ನೆಲ ಎರಡೂ ತೇವ ಹಿಡಿದಾಗ ಎಣ್ಣೆ ಸುರಿದಂತಾಗುತ್ತವೆ. ನೆಲ ತಂಪಾಗಿದ್ದು ಹೊರಗಿನ ತೇವದ ಗಾಳಿ ತಾಗಿದಾಗ ತೆಳುವಾಗಿ ನೀರು ಕೂರುತ್ತದೆ. ಕಣ್ಣಿಗೆ ಕಾಣದಿದ್ದರೂ ಅಂಗೈ ಒತ್ತಿ ನೋಡಿದರೆ ತಿಳಿಯುತ್ತದೆ. ವ್ಯಾಯಾಮಕ್ಕೆ ಹತ್ತು ನಿಮಿಷ ಮುಂಚೆ ಒಣಬಟ್ಟೆಯಲ್ಲಿ ಒರಸಿ ಫ್ಯಾನ್ ಹಾಕಿಡಿ.

ಸಾಕ್ಸ್ ಹಾಕಿಕೊಂಡು ಬರಿ ನೆಲದ ಮೇಲೆ ಯಾವತ್ತೂ ಬೇಡ. ಒಣಗಿದ ಬರಿಗಾಲು ಅಥವಾ ಒಳಗೆ ಮಾತ್ರ ಬಳಸುವ ರಬ್ಬರ್ ಅಡಿಯ ಶೂ ಒಳ್ಳೆಯದು. ಕಾಲೊರಸು ಇರುವ ಮೆಟ್ಟಿಲಾದರೆ ಅದನ್ನು ಎತ್ತಿಟ್ಟೇ ಶುರುಮಾಡಿ. ಕೂರುವ ಮಣೆಯನ್ನು ಮೆಟ್ಟಿಲು ಮಾಡಿಕೊಳ್ಳುವ ಉಪಾಯವನ್ನು ಹಲವರು ಹೇಳಿದ್ದಾರೆ. ದಯವಿಟ್ಟು ಬೇಡ. ಅಂಚಿಗೆ ಕಾಲಿಟ್ಟರೆ ಮಣೆ ಮಗುಚುತ್ತದೆ, ಇಲ್ಲವೇ ಹಿಂದಕ್ಕೆ ಸರಿಯುತ್ತದೆ.

ಒಳಗೆ ಹತ್ತು ನಿಮಿಷಕ್ಕೇ ಬೆವರಿ ನೀರಾಗ್ತೇನೆ. ಕೊಬ್ಬು ಜಾಸ್ತಿ ಕರಗ್ತಿದೆ ಅಂತಲಾ?

ಅಲ್ಲ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು. ಜುಲೈ ತಿಂಗಳ ನಮ್ಮ ಗಾಳಿ ಈಗಾಗಲೇ ನೀರು ಕುಡಿದು ನಿಂತಿರುತ್ತದೆ, ಬೆವರನ್ನು ಹೀರುವ ಶಕ್ತಿ ಅದಕ್ಕಿಲ್ಲ. ಬೆವರು ಆರದೆ ತೊಟ್ಟಿಕ್ಕುತ್ತದೆ, ಮೈ ಬಿಸಿ ಉಳಿಯುತ್ತದೆ, ದೇಹ ಇನ್ನಷ್ಟು ಬೆವರು ಸುರಿಸುತ್ತದೆ. ಹೊರಗೆ ನಡೆಯುವಾಗ ನಾವೇ ಗಾಳಿಯನ್ನು ಸೀಳಿ ಹೋಗುತ್ತೇವೆ, ಒಳಗೆ ಆ ಗಾಳಿಯೂ ಇಲ್ಲ. ಅದಕ್ಕೇ ಫ್ಯಾನ್ ಬೇಕೇ ಬೇಕು, ಮೇಜಿನ ಫ್ಯಾನನ್ನು ನೇರ ಎದೆಗೆ ಬೀಸುವಂತೆ ಇಟ್ಟರೆ ಇನ್ನೂ ಒಳ್ಳೆಯದು. ಕರೆಂಟ್ ಹೋದರೆ ವೇಗ ಇಳಿಸಿ.

ಎಷ್ಟು ನೀರು ಹೋಯಿತೆಂದು ತಿಳಿಯಲು ವ್ಯಾಯಾಮಕ್ಕೆ ಮುಂಚೆ ಮತ್ತು ನಂತರ ಮೈ ಒರಸಿಕೊಂಡು ತೂಕ ನೋಡಿ. ಅರ್ಧ ಕಿಲೋ ಇಳಿದಿದ್ದರೆ ಅದು ಅರ್ಧ ಲೀಟರ್ ನೀರು, ಕೊಬ್ಬಲ್ಲ. ಉಪ್ಪು ಹಾಕಿದ ಗಂಜಿತಿಳಿಯೋ ಮಜ್ಜಿಗೆಯೋ ಕುಡಿದರೆ ಸರಿಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಕೂರಬೇಡಿ. ಮಳೆಗಾಲದಲ್ಲಿ ತೊಡೆಸಂದಿಗೆ ಗಜಕರ್ಣ ಹಿಡಿದರೆ ನಡೆಯುವುದೇ ಕಷ್ಟವಾಗುತ್ತದೆ.

ಕೆಳಗಿನ ಮನೆಯವರು ಸದ್ದು ಅಂತ ಬೈತಾರೆ.

ಸ್ಕಿಪ್ಪಿಂಗ್, ಜಿಗಿತ ಬಿಟ್ಟುಬಿಡಿ. ಮೆಟ್ಟಿಲೇರುವುದು, ಬಸ್ಕಿ, ದಂಡ, ನಿಧಾನದ ಸೂರ್ಯನಮಸ್ಕಾರ ಇವಕ್ಕೆ ಸದ್ದಿಲ್ಲ.

ಗರಡಿಮನೆ ಥರ ಬಸ್ಕಿ, ದಂಡ ಹೊಡೆದ್ರೆ ಸಾಕಾ? ಅಜ್ಜ ನೂರು ಹೊಡೀತಿದ್ರಂತೆ.

ಮೈಸೂರು ಕಡೆಯ ಗರಡಿಗಳಲ್ಲಿ ಸಾಮು ಮಾಡಿದವರು ಈ ಎರಡರಿಂದಲೇ ಮೈ ಕಟ್ಟಿದರು, ಇವತ್ತಿಗೂ ಇದಕ್ಕಿಂತ ಒಳ್ಳೆಯ ಜೋಡಿಯನ್ನು ನಾನು ಹೇಳಲಾರೆ. ಬಸ್ಕಿ ಕಾಲಿಗೆ, ದಂಡ ಎದೆ ಮತ್ತು ಭುಜಕ್ಕೆ. ನೂರರ ಹಿಂದೆ ಬೀಳಬೇಡಿ. ಇನ್ನೆರಡು ಮೂರು ಮಾತ್ರ ಆದೀತು ಎನಿಸುವಲ್ಲಿಗೆ ನಿಲ್ಲಿಸಿ ಎರಡು ನಿಮಿಷ ಕೂತು, ಮತ್ತೆ ಹಾಗೆಯೇ. ಮೂರು ಸರದಿ, ವಾರಕ್ಕೆ ಎರಡು ಅಥವಾ ಮೂರು ದಿನ. ನೆಲದ ಮೇಲಿನ ದಂಡ ಆಗದವರು ಗೋಡೆಗೆ ಕೈಯಿಟ್ಟು, ಆಮೇಲೆ ಅಡುಗೆ ಕಟ್ಟೆಗೆ ಕೈಯಿಟ್ಟು ಹಂತ ಹಂತವಾಗಿ ಕೆಳಗಿಳಿಯಬಹುದು.

ಆದರೆ ಈ ಎರಡರಲ್ಲಿ ಬೆನ್ನಿಗೆ ಎಳೆಯುವ ಕೆಲಸವಿಲ್ಲ. ಐದು ಕಿಲೋ ಅಕ್ಕಿಯನ್ನು ಶಾಲೆಯ ಬ್ಯಾಗಿಗೆ ಹಾಕಿ, ಒಂದು ಕೈ ಮೇಜಿಗೆ ಊರಿ ಬಾಗಿ, ಇನ್ನೊಂದು ಕೈಯಿಂದ ಬ್ಯಾಗನ್ನು ಸೊಂಟದವರೆಗೆ ಎಳೆಯಿರಿ. ರಕ್ತದೊತ್ತಡವಿರುವವರು ಎಳೆಯುವಾಗ ಉಸಿರು ಬಿಡಬೇಕು, ಉಸಿರು ಬಿಗಿಹಿಡಿದರೆ ಒತ್ತಡ ಆ ಕ್ಷಣಕ್ಕೆ ಜಿಗಿಯುತ್ತದೆ.

## ಗಾಳಿ ಕೆಟ್ಟ ದಿನಗಳು

ಆ್ಯಪ್‌ನಲ್ಲಿ ಒಂದರಲ್ಲಿ 100 ತೋರಿಸ್ತದೆ, ಇನ್ನೊಂದರಲ್ಲಿ 150. ಯಾವುದನ್ನ ನಂಬೋದು?

ಎರಡೂ ಸುಳ್ಳಲ್ಲ, ಅಳತೆಗೋಲು ಬೇರೆ. ಗಾಳಿಯಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಕಣ ಘನಮೀಟರಿಗೆ 60 ಮೈಕ್ರೋಗ್ರಾಂ ಇದ್ದರೆ ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕ 100 ಎನ್ನುತ್ತದೆ. ಅಮೆರಿಕದ ಲೆಕ್ಕ ಹಿಡಿದ ಆ್ಯಪ್ ಅದೇ ಗಾಳಿಗೆ 150ಕ್ಕಿಂತ ಸ್ವಲ್ಪ ಮೇಲೆ ತೋರಿಸುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ದೇಶದ ಲೆಕ್ಕದ್ದು.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ನಮ್ಮ ಸೂಚ್ಯಂಕದಲ್ಲಿ ಕಣಗಳ ಲೆಕ್ಕ 24 ಗಂಟೆಯ ಸರಾಸರಿ. ದೀಪಾವಳಿಯ ಮಾರನೆ ಬೆಳಗ್ಗೆ ಐದೂವರೆಗೆ ಹೊರಗೆ ಪಟಾಕಿ ಹೊಗೆ ಕಟ್ಟಿರುತ್ತದೆ, ಸರಾಸರಿ ಮಾತ್ರ ಇನ್ನೂ ಸೌಮ್ಯವಾಗಿ ಕಾಣಬಹುದು. ಹಾಗಾಗಿ ಗಂಟೆಗಂಟೆಯ ಪಿಎಂ 2.5 ಅಂಕಿ ಸಿಗುತ್ತದೆಯೇ ನೋಡಿ.

ಯಾವ ಅಂಕಿಗೆ ಓಟ ಬಿಡ್ಬೇಕು?

ನಾನು ವಿದ್ಯಾರ್ಥಿಗಳಿಗೆ ಹೇಳುವ ಲೆಕ್ಕ ದೇಶದ ಸೂಚ್ಯಂಕದ್ದು. 100ರವರೆಗೆ ಎಂದಿನಂತೆ. 101ರಿಂದ 200ರಲ್ಲಿ ಅಸ್ತಮಾ, ಹೃದಯದ ತೊಂದರೆ ಇರುವವರು, ಮಕ್ಕಳು, ವಯಸ್ಸಾದವರು ಒಳಗೆ, ಉಳಿದವರು ಓಟ ಬಿಟ್ಟು ನಡಿಗೆ. 200 ದಾಟಿದರೆ ಯಾರಿಗೂ ಹೊರಗೆ ಓಟ ಬೇಡ. 300 ದಾಟಿದರೆ ನಡಿಗೆಯೂ ಬೇಡ.

ಇಷ್ಟು ಬಿಗಿ ಏಕೆಂದರೆ, ಸುಮ್ಮನೆ ಕೂತಾಗ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆಯುವ ನಾವು ಜೋರಾಗಿ ಓಡುವಾಗ 60 ಲೀಟರ್ ಮೀರುತ್ತೇವೆ, ಅದೂ ಬಾಯಿಯಿಂದ, ಮೂಗಿನ ಸೋಸುವಿಕೆ ಇಲ್ಲದೆ. ಅರ್ಧ ಗಂಟೆಯ ಓಟದಲ್ಲಿ ಕೆಲವು ಗಂಟೆ ಕೂತು ಉಸಿರಾಡಿದಷ್ಟು ಹೊಗೆ ಒಳಹೋಗುತ್ತದೆ.

ನಾನು ದೆಹಲಿಲಿ ಇದ್ದೀನಿ ಸರ್. ಬೆಳಗ್ಗೆ ಐದಕ್ಕೆ ಎದ್ದು ಓಡೋ ಅಭ್ಯಾಸ. ಆಗ ವಾಹನ ಕಡಿಮೆ ಅಲ್ವಾ?

ವಾಹನ ಕಡಿಮೆ, ಹೊಗೆ ಹೆಚ್ಚು. ಉತ್ತರದ ಚಳಿಗಾಲದ ರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂರುತ್ತದೆ. ರಾತ್ರಿಯ ಲಾರಿಗಳ ಹೊಗೆ, ಚಳಿ ಕಾಯಿಸುವ ಬೆಂಕಿಯ ಹೊಗೆ ಎಲ್ಲವೂ ಅದರಡಿ ಸಿಕ್ಕಿಕೊಂಡಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಮುಚ್ಚಳ ತೆರೆಯುತ್ತದೆ. ಅದಕ್ಕೆ ಮಧ್ಯಾಹ್ನ ಎರಡರಿಂದ ನಾಲ್ಕು ಸಾಮಾನ್ಯವಾಗಿ ದಿನದಲ್ಲಿ ಉತ್ತಮ ಹೊತ್ತು. ಊರಿನಲ್ಲಿ ಕಲಿತ ಬ್ರಾಹ್ಮೀ ಮುಹೂರ್ತದ ಅಭ್ಯಾಸವನ್ನು ನವೆಂಬರಿನಿಂದ ಜನವರಿಯವರೆಗೆ ಅಲ್ಲಿ ಬಿಡಬೇಕು. ಇದನ್ನು ಬರೆಯಲು ನನಗೇ ಕಷ್ಟವಾಗುತ್ತದೆ, ಆದರೆ ಬಿಡಬೇಕು.

ಮನೆ ಒಳಗಿನ ಗಾಳಿ ಚೆನ್ನಾಗಿದೆ ಅಂತ ಹೇಗೆ ನಂಬೋದು? ಕಿಟಕಿ ತೆಗೀಲಾ, ಮುಚ್ಚಲಾ?

ಮಳೆಯ ದಿನ ತೆಗೆಯಿರಿ, ಹೊಗೆಯ ದಿನ ಮುಚ್ಚಿರಿ.

ಮಳೆಯಲ್ಲಿ ಹೊರಗಿನ ಗಾಳಿ ತೊಳೆದಿರುತ್ತದೆ, ಕೆಡುವುದು ಒಳಗಿನದು. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಹಸಿ ಸೌದೆಯ ಬಚ್ಚಲ ಒಲೆ ಬೆಳಗ್ಗೆ ಆರಕ್ಕೆ ಹೊಗೆ ಉಗುಳುತ್ತಿರುತ್ತದೆ, ಪಕ್ಕದ ಪಡಸಾಲೆಯಲ್ಲಿ ಮಗ ಸೂರ್ಯನಮಸ್ಕಾರ ಮಾಡುತ್ತಿರುತ್ತಾನೆ. ಸಕಲೇಶಪುರದ ಕಡೆಯ ಒಬ್ಬ ಹುಡುಗ ಒಳಗೆ ವ್ಯಾಯಾಮ ಮಾಡಿದರೆ ಕೆಮ್ಮು ಬರುತ್ತದೆ ಎಂದು ಬರೆದಿದ್ದ. ಹೊತ್ತು ಕೇಳಿದೆ, ಅವರ ಮನೆಯ ನೀರೊಲೆಯ ಹೊತ್ತೇ ಅದು. ಸಂಜೆಗೆ ಬದಲಿಸಿದ, ಕೆಮ್ಮು ನಿಂತಿತು. ಊದುಬತ್ತಿ, ಧೂಪ, ಸೊಳ್ಳೆಬತ್ತಿ, ಒಣಮೆಣಸಿನ ಒಗ್ಗರಣೆ ಇವೆಲ್ಲಕ್ಕೂ ಇದೇ ಮಾತು. ಆರಿಸಿ ಒಂದು ಗಂಟೆಯಾದರೂ ಕಳೆಯಲಿ.

ಹೊಗೆಯ ದಿನ ಕಿಟಕಿ ಮುಚ್ಚಿದರೂ ಸಂದಿಯಿಂದ ಒಳಬರುತ್ತದೆ. ಆಗ ಏರ್ ಪ್ಯೂರಿಫೈಯರ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರ್ ಇರಲಿ, ಕೋಣೆಗೆ ತಕ್ಕ ಬಲ ಇರಲಿ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನಮೀಟರ್ ಗಾಳಿಯಿರುತ್ತದೆ. ಗಂಟೆಗೆ ಐದು ಸಲ ಅದು ಸೋಸಬೇಕೆಂದರೆ ಪೆಟ್ಟಿಗೆಯ ಮೇಲೆ CADR, ಅಂದರೆ ಸೋಸಿದ ಗಾಳಿ ಕೊಡುವ ಪ್ರಮಾಣ, ಎಂಬಲ್ಲಿ ಗಂಟೆಗೆ 170 ಘನಮೀಟರಾದರೂ ಬರೆದಿರಬೇಕು. ಅರ್ಧ ಗಂಟೆ ಮೊದಲೇ ಹಾಕಿಡಿ. ಅದರ ಪರದೆಯಲ್ಲಿ ಪಿಎಂ 2.5 ಅಂಕಿ 30ರ ಒಳಗೆ ಬಂದರೆ ಜೋರಾಗಿ ಮಾಡಿ, 60ರ ಒಳಗಿದ್ದರೆ ಮಧ್ಯಮ, ಅದಕ್ಕೂ ಮೇಲಿದ್ದರೆ ಅಂದು ಬಸ್ಕಿ, ಬ್ಯಾಗು ಎಳೆಯುವುದು, ಮೈ ಸಡಿಲಿಸುವುದು ಇಷ್ಟೇ.

ಪ್ಯೂರಿಫೈಯರ್ ಹಾಕಿ ಮುಚ್ಚಿದ ಕೋಣೇಲಿ ಮಾಡಿದ್ರೆ ತಲೆ ಭಾರ ಆಗುತ್ತೆ, ಯಾಕೆ?

ಪ್ಯೂರಿಫೈಯರ್ ಕಣವನ್ನು ಹಿಡಿಯುತ್ತದೆ, ನೀವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದಿಲ್ಲ. ಮೇಲಾಗಿ ಕೋಣೆ ಬಿಸಿಯಾಗುತ್ತದೆ. ಒಬ್ಬರೇ ಇರಿ, ಕೋಣೆಯಿಂದ ಮನೆಯ ಒಳಕ್ಕೆ ತೆರೆಯುವ ಬಾಗಿಲನ್ನು ಬಿಡಿ, ಇಪ್ಪತ್ತು ನಿಮಿಷಕ್ಕೆ ಮುಗಿಸಿ ಹೊರಬನ್ನಿ. ಎನ್95 ಮುಸುಕು ಹಾಕಿಕೊಂಡು ಜೋರು ವ್ಯಾಯಾಮ ಮಾಡುವ ಯೋಚನೆ ಬೇಡ. ಬೆವರಿಗೆ ಅದು ಒದ್ದೆಯಾಗಿ ಉಸಿರು ಕಟ್ಟುತ್ತದೆ.

## ಓಟಗಾರರಿಗೆ

ನಾಲ್ಕು ತಿಂಗಳು ಓಡದೆ ಇದ್ರೆ ಕಟ್ಟಿದ ದಮ್ಮು ಎಲ್ಲಾ ಹೋಗುತ್ತಲ್ಲ ಸರ್?

ಏನೂ ಮಾಡದಿದ್ದರೆ ಮೊದಲ ಎರಡು ಮೂರು ವಾರದಲ್ಲೇ ಇಳಿಯಲು ಶುರುವಾಗುತ್ತದೆ. ಆದರೆ ಉಳಿಸಿಕೊಳ್ಳಲು ಬೇಕಾದದ್ದು ಕಟ್ಟಲು ಬೇಕಾದದ್ದಕ್ಕಿಂತ ಕಡಿಮೆ. ಹೊತ್ತು ಕಡಿಮೆಯಾದರೂ ನಡೆಯುತ್ತದೆ, ಜೋರು ಮಾತ್ರ ಕಡಿಮೆಯಾಗಬಾರದು.

ನಾಲ್ಕೈದು ಮಹಡಿಯ ಕಟ್ಟಡವಿದ್ದರೆ ವಾರಕ್ಕೆ ಎರಡು ದಿನ ಹೀಗೆ ಮಾಡಿ. ಹತ್ತು ನಿಮಿಷ ಒಂದೇ ಮೆಟ್ಟಿಲಿನಲ್ಲಿ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಮಾತು ಹೊರಡದ ವೇಗದಲ್ಲಿ ಮೇಲಿನವರೆಗೆ ಹತ್ತಿ, ಮೆಟ್ಟಿಲ ಪಕ್ಕದ ಕಂಬಿ ಹಿಡಿದು ನಿಧಾನ ಇಳಿಯಿರಿ. ಆರು ಸಲದಿಂದ ಶುರುಮಾಡಿ ತಿಂಗಳಲ್ಲಿ ಹತ್ತಕ್ಕೆ ಮುಟ್ಟಿಸಿ. ಉಳಿದ ಮೂರು ದಿನ ಒಂದೇ ಮೆಟ್ಟಿಲಿನಲ್ಲಿ ಅರ್ಧ ಗಂಟೆ ಮಧ್ಯಮ ಶ್ರಮ. ಮಹಡಿ ಕಡಿಮೆಯಿದ್ದವರಿಗೂ ದಾರಿಯಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವ್ಯಾಯಾಮದ ರೂಢಿಯಿಲ್ಲದ ಯುವಜನರು ಮೂರು ಮಹಡಿಯ 60 ಮೆಟ್ಟಿಲನ್ನು ಜೋರಾಗಿ ಹತ್ತುವುದನ್ನು ದಿನಕ್ಕೆ ಮೂರು ಸಲ, ನಡುವೆ ಗಂಟೆಗಳ ಅಂತರ ಬಿಟ್ಟು, ವಾರಕ್ಕೆ ಮೂರು ದಿನ ಮಾಡಿದರು. ಆರು ವಾರದಲ್ಲಿ ಅವರ ದಮ್ಮು ಸ್ವಲ್ಪವಾದರೂ ಏರಿತ್ತು. ಪಳಗಿದ ಓಟಗಾರನಿಗೆ ಅಷ್ಟೇ ಸಾಲದು, ಆದರೆ ಪರೀಕ್ಷೆಯ ವಾರಕ್ಕೋ ಕೆಲಸದ ಒತ್ತಡದ ವಾರಕ್ಕೋ ಒಳ್ಳೆಯ ಆಸರೆ.

ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ, ಕಣ್ಣು ಕತ್ತಲೆಯಾದರೆ ಆ ಮೆಟ್ಟಿಲಲ್ಲೇ ಕೂತು ಜನರನ್ನು ಕರೆಯಿರಿ. ನಲವತ್ತು ದಾಟಿದವರು, ಹೃದಯ, ರಕ್ತದೊತ್ತಡದ ಮಾತ್ರೆ ತಿನ್ನುವವರು ಈ ಜೋರು ಹತ್ತುವಿಕೆಗೆ ಮೊದಲು ವೈದ್ಯರನ್ನು ಕೇಳಿ.

ಅಕ್ಟೋಬರಲ್ಲಿ ರಸ್ತೆಗೆ ಇಳಿದ ಮೊದಲ ವಾರವೇ ಮುಂಗಾಲೆಲುಬು ನೋವು ಬಂತು. ದಮ್ಮು ಚೆನ್ನಾಗಿತ್ತು, ಮತ್ತೆ ಯಾಕೆ?

ದಮ್ಮು ಉಳಿದಿತ್ತು, ಎಲುಬಿಗೆ ಬಡಿತದ ಅಭ್ಯಾಸ ತಪ್ಪಿತ್ತು. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ನೆಲದಿಂದ ಕಾಲಿಗೆ ಬರುತ್ತದೆ. ಮೆಟ್ಟಿಲು ಹತ್ತುವುದರಲ್ಲಿ ಅಷ್ಟು ಬಡಿತವಿಲ್ಲ. ಉಸಿರು ತಾಳುತ್ತದೆಂದು ನೀವು ಹಳೆಯ ದೂರವನ್ನೇ ಓಡಿದಿರಿ, ಎಲುಬು ಸಿದ್ಧವಿರಲಿಲ್ಲ.

ಮುಂದಿನ ವರ್ಷ ಆಗಸ್ಟ್ ಕೊನೆಯಿಂದಲೇ ಒಣನೆಲದ ಮೇಲೆ, ಶೂ ಹಾಕಿ, ಕೆಳಗಿನ ಮನೆಯವರಿಗೆ ತೊಂದರೆಯಾಗದ ಕಡೆ, ದಿನ ಬಿಟ್ಟು ದಿನ 50 ಸಣ್ಣ ಜಿಗಿತ ಹಾಕಿ, ಎರಡು ಮೂರು ವಾರದಲ್ಲಿ 150ಕ್ಕೆ ಏರಿಸಿ. ಹಗ್ಗವಿದ್ದರೂ ಸರಿ, ಇಲ್ಲದಿದ್ದರೂ ಸರಿ. ರಸ್ತೆಗಿಳಿದ ಮೊದಲ ವಾರ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆಯಂತೆ ಇಪ್ಪತ್ತು ನಿಮಿಷ, ದಿನ ಬಿಟ್ಟು ದಿನ. ಮುಂಗಾಲೆಲುಬನ್ನು ಬೆರಳಿನಿಂದ ಒತ್ತಿದಾಗ ಉದ್ದಕ್ಕೂ ಹರಡಿದ ನೋವಿದ್ದರೆ ಓಟ ಕಡಿಮೆ ಮಾಡಿ ನೋಡಿ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದಂತಾದರೆ ಎಲುಬಿನಲ್ಲಿ ಬಿರುಕಿರಬಹುದು. ಓಟ ಪೂರ್ತಿ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.